ಶತ್ರುವಿನ ಕಣ್ಣಿಗೆ ಡಾಟ್ ಪ್ರಾಡಕ್ಟಾ, ಕೋನವಾ?

ಗೇಮ್‌ನಲ್ಲಿ ಆಟಗಾರ ಶತ್ರುವಿನ ನೋಟದೊಳಗೆ ಇದ್ದಾನಾ ಅಂತ ತಿಳಿಯಲು ಡಾಟ್ ಪ್ರಾಡಕ್ಟ್ ಬಳಸಬೇಕಾ, ಕೋನ ಲೆಕ್ಕ ಹಾಕಬೇಕಾ ಅಂತ ಕೇಳಿದ್ದೀರಿ. ಶತ್ರು ಬರೀ ನೋಡಬೇಕಾ, ಇಲ್ಲಾ ಗನ್ ತಿರುಗಬೇಕಾ ಅನ್ನೋದರ ಮೇಲೆ ಉತ್ತರ ನಿಂತಿದೆ.

ಶತ್ರು (1, 0) ದಿಕ್ಕಿಗೆ ಮುಖ ಮಾಡಿದ್ದಾನೆ, ಆಟಗಾರ ಅವನಿಂದ (3, 4) ದೂರದಲ್ಲಿದ್ದಾನೆ ಅಂದುಕೊಳ್ಳಿ. ಉದ್ದ 5. ಅದರಿಂದ ಭಾಗಿಸಿ ಡಾಟ್ ತೆಗೆದರೆ 0.6 ಬರುತ್ತದೆ. ನೋಟದ ಅಗಲ 90 ಡಿಗ್ರಿ ಆದರೆ ಅರ್ಧ 45, ಅದರ ಕೊಸೈನ್ ಸುಮಾರು 0.707. 0.6 ಅದಕ್ಕಿಂತ ಕಡಿಮೆ, ಹಾಗಾಗಿ ಆಟಗಾರ ಕಾಣುವುದಿಲ್ಲ. ಅಗಲ 120 ಆದರೆ ಮಿತಿ 0.5, ಸಿಕ್ಕಿಬಿದ್ದ! ಮಿತಿಯನ್ನು ಮೊದಲೇ ಲೆಕ್ಕ ಹಾಕಿಡಬಹುದು, ಆದ್ದರಿಂದ ನೂರಾರು ಶತ್ರುಗಳಿದ್ದರೂ ಇದು ಅಗ್ಗ. ಆದರೆ ಅರ್ಧದ ಬದಲು ತಪ್ಪಿ ಪೂರ್ತಿ ಕೋನ ಹಾಕಿದರೆ ನೋಟ ಎರಡು ಪಟ್ಟು ಅಗಲವಾಗುತ್ತದೆ.

ಗನ್ ತಿರುಗಿಸುವ ಟರೆಟ್‌ಗೆ ಇಷ್ಟು ಸಾಲದು. (3, −4)ಗೂ 0.6 ತಾನೇ ಬರೋದು? ಎಡವೋ ಬಲವೋ ಗೊತ್ತಾಗುವುದಿಲ್ಲ. `acos` ಕೂಡ ಚಿಹ್ನೆ ಕೊಡುವುದಿಲ್ಲ. ಸಾಲದ್ದಕ್ಕೆ ಡಾಟ್ 1ಕ್ಕಿಂತ ಕೂದಲೆಳೆಯಷ್ಟು ಜಾಸ್ತಿಯಾದರೆ ಎಷ್ಟೋ ಕಡೆ `NaN` ಬಂದು ಗನ್ ಮಾಯ. ಅಲ್ಲಿ ಇದು ಬೇಕು, `f` ಅಂದರೆ ಗನ್ ಮುಖ ಮಾಡಿರುವ ದಿಕ್ಕು, `d` ಅಂದರೆ ಅಲ್ಲಿಂದ ಆಟಗಾರನವರೆಗಿನ ವೆಕ್ಟರ್:

```
a = atan2(f.x*d.y - f.y*d.x, f.x*d.x + f.y*d.y)
```

ಈಗ +53 ಮತ್ತು −53 ಡಿಗ್ರಿ ಬೇರೆಬೇರೆ ಸಿಗುತ್ತವೆ (ಉತ್ತರ ರೇಡಿಯನ್‌ನಲ್ಲಿ), ಉದ್ದದಿಂದ ಭಾಗಿಸುವ ಕೆಲಸವೂ ಇಲ್ಲ. ಪ್ರತಿ ಫ್ರೇಮ್‌ಗೆ ಇಷ್ಟೇ ತಿರುಗಬೇಕು ಅಂತ ಮಿತಿ ಹಾಕೋದೂ ಸುಲಭ. ತಿರುಗಿದ ಮೇಲೆ ಗುಂಡು ಹಾರಿಸಬಹುದಾ ಅಂತ ನೋಡಲು ಮತ್ತೆ ಡಾಟೇ ಸಾಕು.