4060 ಅಂತ ಸ್ಟಿಕ್ಕರ್ ನೋಡಿ ದುಡ್ಡು ಕೊಡಬೇಡಿ, ಚಿಪ್ಪಿಗೆ ಎಷ್ಟು ವ್ಯಾಟ್ ಕರೆಂಟ್ ಅಂತ ಕೇಳಿ

ಮುಂಬೈಯಲ್ಲಿ ಗೇಮಿಂಗ್ ಲ್ಯಾಪ್‌ಟಾಪ್ ತಗೊಳ್ಳೋಕೆ ಹೊರಟಿರುವವರು ದಯವಿಟ್ಟು ಇದನ್ನು ಓದಿ ಆಮೇಲೆ ಹೋಗಿ. ಲ್ಯಾಮಿಂಗ್ಟನ್ ರೋಡಿನ ಒಂದು ಅಂಗಡಿಯಲ್ಲಿ ನನಗೆ ಟೋಪಿ ಹಾಕಿದ್ದಾರೆ. ಅದೂ ಒಂದೇ ಒಂದು ಸುಳ್ಳು ಹೇಳದೆ. ಅದಕ್ಕೇ ಹೊಟ್ಟೆ ಜಾಸ್ತಿ ಉರಿಯೋದು.

ಅಂಗಡಿಯಲ್ಲಿ ನಾನು ಕೇಳಿದ್ದು ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಚಿಪ್ ಇರುವ ಲ್ಯಾಪ್‌ಟಾಪ್. ಎರಡು ತೋರಿಸಿದರು. ಒಂದು ದಪ್ಪ, ಇಟ್ಟಿಗೆಯಂಥ ಚಾರ್ಜರ್. ಇನ್ನೊಂದು ತೆಳ್ಳಗೆ, ನೋಡೋಕೆ ಚೆಂದ, ಬೆಲೆ ಸ್ವಲ್ಪ ಜಾಸ್ತಿ. "ಎರಡರಲ್ಲೂ ಅದೇ ಚಿಪ್, ಅದೇ 8 ಜಿಬಿ ಗ್ರಾಫಿಕ್ಸ್ ಮೆಮೊರಿ. ನೀವು ದಿನಾ ಲೋಕಲ್‌ನಲ್ಲಿ ಓಡಾಡೋರು, ಭಾರ ಯಾಕೆ ಹೊರ್ತೀರಿ?" ಅಂದರು. ಡೊಂಬಿವಿಲಿಯಿಂದ ಬರುವವನಿಗೆ ಆ ಮಾತು ನಾಟಿತು. ತೆಳ್ಳಗಿನದ್ದೇ ಕಟ್ಟಿಸಿಕೊಂಡು ಬಂದೆ.

ಆಮೇಲೆ ಒಂದು ಭಾನುವಾರ ಚಿಕ್ಕಪ್ಪನ ಮಗ ಮನೆಗೆ ಬಂದ. ಅವನ ಹತ್ತಿರವೂ 4060, ನನ್ನದಕ್ಕಿಂತ ಕಡಿಮೆ ಬೆಲೆಯ ದಪ್ಪ ಡಬ್ಬ. ಪಕ್ಕಪಕ್ಕ ಇಟ್ಟು ಒಂದೇ ಗೇಮ್ ಹಾಕಿದೆವು. ಅದೇ ಸೆಟ್ಟಿಂಗ್, ಅದೇ ಜಾಗ. ಅವನದ್ದು ಸೆಕೆಂಡಿಗೆ 80ರ ಆಸುಪಾಸು ಫ್ರೇಮ್ ಕೊಡುತ್ತಿದೆ, ನನ್ನದು 60 ಮುಟ್ಟೋಕೆ ಒದ್ದಾಡುತ್ತಿದೆ. "ಅಣ್ಣಾ, ಚಾರ್ಜರ್ ಹಾಕಿದೀಯಾ?" ಅಂತ ಕೇಳಿದ. ಹಾಕಿದ್ದೆ. ನಮ್ಮ ಅಪ್ಪ ಅಲ್ಲೇ ಕೂತು ಚಹಾ ಕುಡಿಯುತ್ತಿದ್ದರು, "ಜಾಸ್ತಿ ದುಡ್ಡು ಕೊಟ್ಟಿದ್ದು ಯಾವುದಕ್ಕೆ?" ಅಂದರು. ನನ್ನ ಮುಖ ಎಲ್ಲಿಡಬೇಕು ಹೇಳಿ.

ಮೊದಲು ಬಿಸಿಯಾಗಿ ನಿಧಾನ ಆಗಿದೆ ಅಂದುಕೊಂಡೆವು. ಎಲ್ಲರೂ ಅದನ್ನೇ ಹೇಳುತ್ತಾರೆ ಅಲ್ವಾ. ಆದರೆ ನನ್ನ ಚಿಪ್ಪಿನ ಶಾಖ 68 ಡಿಗ್ರಿ ಇತ್ತು, ಅವನದ್ದೇ 80ರ ಮೇಲೆ. ನನ್ನದು ತಣ್ಣಗಿದ್ದೂ ನಿಧಾನ! ರ‍್ಯಾಮ್ ನೋಡಿದೆವು, ಎರಡರಲ್ಲೂ 16 ಜಿಬಿ, ಎರಡೆರಡು ಕಡ್ಡಿ. ಗ್ರಾಫಿಕ್ಸ್ ಯೂಸೇಜ್ ಎರಡರಲ್ಲೂ 99 ಶೇಕಡ. ಈ 99 ನೋಡಿ ತುಂಬ ಜನ ಮೋಸ ಹೋಗುತ್ತಾರೆ. ಚಿಪ್ ಸುಮ್ನೆ ಕೂತಿಲ್ಲ ಅನ್ನೋದಷ್ಟೇ ಅದರ ಅರ್ಥ. ಎಷ್ಟು ವೇಗದಲ್ಲಿ ಓಡುತ್ತಿದೆ ಅನ್ನೋದು ಅದರಲ್ಲಿ ಗೊತ್ತಾಗಲ್ಲ. ವೇಗ ನೋಡಿದರೆ ಅವನದ್ದು 2400 ಮೆಗಾಹರ್ಟ್ಸ್ ದಾಟಿದೆ, ನನ್ನದು 1700ರ ಹತ್ತಿರ ನಿಂತಿದೆ. ಜಿಪಿಯು-ಝಡ್ ಅನ್ನೋ ಸಣ್ಣ ಪ್ರೋಗ್ರಾಮ್‌ನಲ್ಲಿ PerfCap Reason ಅನ್ನೋ ಸಾಲು ಇದೆ. ವೇಗಕ್ಕೆ ಏನು ಅಡ್ಡ ಬಂದಿದೆ ಅಂತ ಅದು ಹೇಳುತ್ತದೆ. ನನ್ನದರಲ್ಲಿ ಬಂದಿದ್ದು Pwr. ಅಂದರೆ ಕರೆಂಟಿಗೆ ಕಡಿವಾಣ.

ಆಮೇಲೆ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್ ತೆಗೆದು Help ಒಳಗೆ System Information ಒತ್ತಿದೆವು. ಅಲ್ಲಿ Maximum Graphics Power ಅಂತ ಒಂದು ಸಾಲು. ಅವನದ್ದು 140 W. ನನ್ನದು 75 W. ಅದೇ ಹೆಸರು, ಅದೇ 4060, ವ್ಯಾಟ್ ಮಾತ್ರ ಸುಮಾರು ಅರ್ಧ!

ವಿಷಯ ಇಷ್ಟೇ. 4060 ಲ್ಯಾಪ್‌ಟಾಪ್ ಚಿಪ್ಪನ್ನು 35ರಿಂದ 115 ವ್ಯಾಟ್ ಒಳಗೆ ಎಲ್ಲಿ ಬೇಕಾದರೂ ಕೂರಿಸಬಹುದು ಅಂತ ಎನ್‌ವಿಡಿಯಾನೇ ಲ್ಯಾಪ್‌ಟಾಪ್ ಮಾಡುವವರಿಗೆ ಬಿಟ್ಟಿದೆ. ಅದರ ಮೇಲೆ ಡೈನಾಮಿಕ್ ಬೂಸ್ಟ್ ಅಂತ 25 ವ್ಯಾಟ್ ತನಕ ಸೇರಬಹುದು. ತೆಳ್ಳಗಿನ ಮೈಯಲ್ಲಿ ಫ್ಯಾನ್, ತಾಮ್ರದ ಕೊಳವೆ ಎಲ್ಲ ಸಣ್ಣದು. ಅಷ್ಟು ಶಾಖ ಹೊರಗೆ ಹಾಕೋಕೆ ಆಗಲ್ಲ. ಹಾಗಾಗಿ ಬಿಸಿಯಾಗುವ ಮೊದಲೇ ವ್ಯಾಟ್ ಮೇಲೆ ಬೀಗ ಹಾಕಿಬಿಡುತ್ತಾರೆ. ನನ್ನದು ತಣ್ಣಗಿದ್ದದ್ದು ಅದಕ್ಕೇ. ಹಳೆಯ 20ರ ಸರಣಿಯ ಚಿಪ್ಪುಗಳ ತನಕ ಕಡಿಮೆ ವ್ಯಾಟಿನದ್ದಕ್ಕೆ ಮ್ಯಾಕ್ಸ್-ಕ್ಯೂ ಅಂತ ಬಾಲ ಇರುತ್ತಿತ್ತು, ಹೆಸರಲ್ಲೇ ಗೊತ್ತಾಗುತ್ತಿತ್ತು. 2021ರಲ್ಲಿ 30ರ ಸರಣಿ ಬಂದಾಗ ಆ ಬಾಲವನ್ನೂ ಕತ್ತರಿಸಿದರು. ಈಗ ಸ್ಟಿಕ್ಕರ್ ನೋಡಿ ಯಾರಿಗೂ ಏನೂ ತಿಳಿಯಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ವ್ಯಾಟ್ ಅರ್ಧ ಆದರೆ ಫ್ರೇಮ್ ಅರ್ಧ ಆಗಲ್ಲ. ವೇಗ ಮೇಲೆ ಹೋದ ಹಾಗೆ ವೋಲ್ಟೇಜೂ ಏರಿಸಬೇಕು, ಆಗ ಕರೆಂಟ್ ಖರ್ಚು ವೇಗಕ್ಕಿಂತ ಎಷ್ಟೋ ಜಾಸ್ತಿ ಏರುತ್ತದೆ. ಈ ಚಿಪ್ಪಿನಲ್ಲಿ 100 ವ್ಯಾಟ್ ದಾಟಿದ ಮೇಲೆ ಸಿಗೋದು ಚೂರುಪಾರು. ಅದಕ್ಕೇ 140 ಇಲ್ಲ ಅಂತ ಅಳಬೇಕಾಗಿಲ್ಲ. ಅಳಬೇಕಾದ್ದು ನನ್ನ ಹಾಗೆ 75ಕ್ಕೆ ಸಿಕ್ಕಿಕೊಂಡವರು.

ಅಂಗಡಿಗೆ ಫೋನ್ ಮಾಡಿದೆ. ಮೊದಲು "ಪರ್ಫಾರ್ಮೆನ್ಸ್ ಮೋಡ್‌ನಲ್ಲಿ ಹಾಕಿ" ಅಂದರು. ಅದರಲ್ಲೇ ಇದೆ ಅಂದೆ. "ಡ್ರೈವರ್ ಅಪ್‌ಡೇಟ್ ಮಾಡಿ." ಮಾಡಿದ್ದೀನಿ ಅಂದೆ. "ಆ ಗೇಮೇ ಹೆವಿ ಇದೆ." ಪಕ್ಕದಲ್ಲಿ ಇನ್ನೊಂದು 4060 ಅದೇ ಗೇಮ್ ಓಡಿಸುತ್ತಿದೆ ಸ್ವಾಮಿ! ಕೊನೆಗೆ ಲ್ಯಾಪ್‌ಟಾಪ್ ಹೊತ್ತುಕೊಂಡು ಹೋಗಿ 75 W ಅನ್ನೋ ಸಾಲನ್ನೇ ತೋರಿಸಿದೆ. ಕೌಂಟರ್‌ನಲ್ಲಿದ್ದವರು ನಕ್ಕರು. "ವ್ಯಾಟ್ ನೋಡಿ ತಗೊಳ್ಳೋಕೆ ಇದೇನು ಮಿಕ್ಸರಾ, ಭಾಯ್? ಬಾಕ್ಸ್ ಮೇಲೆ 4060 ಅಂತ ಬರೆದಿದೆ, ಒಳಗೆ 4060 ಇದೆ. ಇನ್ನೇನು ಬೇಕು?"

ಮಿಕ್ಸರ್! ಮಿಕ್ಸರಿನ ತಳದಲ್ಲಾದರೂ ವ್ಯಾಟ್ ಬರೆದಿರುತ್ತದೆ. ನಿಮ್ಮ ಬೆಲೆ ಚೀಟಿಯಲ್ಲಿ ಎಲ್ಲಿದೆ ಅಂತ ಕೇಳಿದೆ. ಉತ್ತರ ಇಲ್ಲ. ಸುತ್ತ ನಿಂತ ಗಿರಾಕಿಗಳೆಲ್ಲ ನನ್ನನ್ನೇ ಜಗಳಗಂಟನ ಹಾಗೆ ನೋಡುತ್ತಿದ್ದರು.

ಇನ್ನೊಂದು ತಮಾಷೆ ಕೇಳಿ. "ಹಾಗಾದರೆ ಇದನ್ನು ಕೊಟ್ಟು ಮೇಲೆ ದುಡ್ಡು ಹಾಕಿ 4070 ತಗೊಳ್ಳಿ" ಅಂತ ಮತ್ತೊಂದು ತೆಳ್ಳಗಿನದ್ದು ತೆಗೆದರು. ಅದರ ಚಾರ್ಜರ್ ತಿರುಗಿಸಿ ನೋಡಿದೆ. ನನ್ನದರಷ್ಟೇ ಸಣ್ಣದು. ಕಡಿಮೆ ವ್ಯಾಟಿನ 4070 ಪೂರ್ತಿ ವ್ಯಾಟಿನ 4060ಗಿಂತ ಹಿಂದೆ ಬೀಳೋದೂ ಉಂಟು. ಅದೇ ಗುಂಡಿಗೆ ಮತ್ತೆ ತಳ್ಳೋಕೆ ನೋಡಿದರು, ಅದೂ ನನ್ನ ದುಡ್ಡಲ್ಲೇ!

ಬಯಾಸ್‌ನಲ್ಲಿ, ಆಫ್ಟರ್‌ಬರ್ನರ್ ಅನ್ನೋ ಪ್ರೋಗ್ರಾಮ್‌ನಲ್ಲಿ ವ್ಯಾಟ್ ಏರಿಸಬಹುದಾ ಅಂತ ಕೇಳಬೇಡಿ. ಪವರ್ ಲಿಮಿಟ್ ಸ್ಲೈಡರ್ ಮಂಕಾಗಿ ಕೂತಿದೆ, ಅಲುಗಾಡಲ್ಲ. ಬಹುತೇಕ ಲ್ಯಾಪ್‌ಟಾಪಲ್ಲಿ ಹೀಗೇ.

ಅಂಗಡಿಯಲ್ಲಿ ಚಾರ್ಜರ್ ಮೇಲಿನ ಚೀಟಿ ಮೊದಲು ಓದಿ. ಅದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ. ನನ್ನದರಲ್ಲಿ 20 ವೋಲ್ಟ್, 6.75 ಆಂಪ್ ಅಂತಿದೆ. ಗುಣಿಸಿದರೆ 135 ವ್ಯಾಟ್. ಪ್ರೊಸೆಸರ್, ಪರದೆ, ಫ್ಯಾನ್ ಎಲ್ಲ ಅದರಲ್ಲೇ ನಡೆಯಬೇಕು. ಅಂಥ ಚಾರ್ಜರ್ ಗ್ರಾಫಿಕ್ಸ್ ಒಂದಕ್ಕೇ 140 ಎಲ್ಲಿಂದ ತರುತ್ತದೆ? ತಮ್ಮನದ್ದರಲ್ಲಿ 20 ವೋಲ್ಟ್, 11.5 ಆಂಪ್, ಅಂದರೆ 230 ವ್ಯಾಟ್. ದೊಡ್ಡ ಚಾರ್ಜರ್ ಇದ್ದ ಮಾತ್ರಕ್ಕೆ ಚಿಪ್ಪಿಗೆ ಪೂರ್ತಿ ವ್ಯಾಟ್ ಸಿಗುತ್ತದೆ ಅಂತಲ್ಲ, ಆದರೆ ಸಣ್ಣದು ಇದ್ದರೆ ಖಂಡಿತ ಸಿಗಲ್ಲ. ಡೆಮೊ ಲ್ಯಾಪ್‌ಟಾಪ್ ಆನ್ ಇದ್ದರೆ ಕಂಟ್ರೋಲ್ ಪ್ಯಾನೆಲ್ಲಿನ ಆ ಸಾಲು ನೋಡಿ, ಇಲ್ಲಾಂದರೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಇದನ್ನು ಹೊಡೆಯಿರಿ:

```
nvidia-smi -q -d POWER
```

Max Power Limit ಎದುರು ವ್ಯಾಟ್ ಬರುತ್ತದೆ. ಕೆಲವದರಲ್ಲಿ N/A ಅಂತ ಬರುತ್ತದೆ, ಆಗ ಕಂಟ್ರೋಲ್ ಪ್ಯಾನೆಲ್ಲೇ ಗತಿ. ತಯಾರಕರ ಸೈಟಿನಲ್ಲಿ ಪೂರ್ತಿ ಮಾಡೆಲ್ ನಂಬರ್ ಹಾಕಿಯೂ ಹುಡುಕಿ. ನನ್ನದರ ಪುಟದಲ್ಲಿ ತೀರಾ ಕೆಳಗೆ, ಇರುವೆ ಅಕ್ಷರದಲ್ಲಿ ಇತ್ತು. ಸಿಕ್ಕಿದ ವ್ಯಾಟನ್ನು ಬಿಲ್ ಮೇಲೆ ಬರೆಸಿಕೊಳ್ಳಿ. ಬರೆಯಲ್ಲ ಅಂದರೆ ಆ ಅಂಗಡಿ ಬಿಟ್ಟು ಮುಂದೆ ನಡೆಯಿರಿ, ಆ ರೋಡಿನಲ್ಲಿ ಅಂಗಡಿಗಳಿಗೇನು ಬರ. ನನ್ನ ಬಿಲ್ಲಿನಲ್ಲಿ ಬರೀ "4060" ಅಂತಿದೆ. ಅದನ್ನೇ ತೋರಿಸಿ ಅವರು ವಾಪಸ್ ತಗೊಳ್ಳಲ್ಲ ಅಂದರು.