ಗದ್ದೆ ಬಯಲಿನ ಗೋಡೌನ್: ನೆಲ ಎಷ್ಟು ಕೂರುತ್ತದೆ ಎಂದು ಮೂರು ದಾರಿಯಲ್ಲಿ ಲೆಕ್ಕ ಹಾಕಿದೆ

ತುಮಕೂರಿನ ಸುತ್ತ ನೆಲ ಅಂದರೆ ಮೇಲೆ ಕೆಂಪು ಮಣ್ಣು, ಕೆಳಗೆ ಗ್ನೈಸ್ ಬಂಡೆ. ಗೋಡೌನ್ ಕಟ್ಟುವವರಿಗೆ ಮಣ್ಣಿನ ತಲೆನೋವು ಕಡಿಮೆ. ಆದರೆ ಕೆರೆ ಏರಿಯ ಕೆಳಗಿನ ಗದ್ದೆ ಬಯಲಿಗೆ ಇಳಿದರೆ ಕತೆ ಬೇರೆ. ಶಿರಾ ರಸ್ತೆಯ ಕಡೆ ಅಂಥ ಒಂದು ಜಾಗದಲ್ಲಿ ನಾನು ಕೆಲಸ ಮಾಡಿದೆ. ಮೇಲೆ 1 ಮೀಟರ್ ಗಟ್ಟಿ ಮಣ್ಣು. ಅದರ ಕೆಳಗೆ 6 ಮೀಟರ್ ಮೆತ್ತನೆಯ ಜೇಡಿ. ಅದರ ಕೆಳಗೆ ಮರಳು ಮರಳಾದ ಕೊಳೆತ ಬಂಡೆ. ನೀರು 1 ಮೀಟರ್ ಆಳದಲ್ಲೇ ಇತ್ತು.

ಗೋಡೌನ್ 40 ಮೀಟರ್ ಅಗಲ, 80 ಮೀಟರ್ ಉದ್ದ. ರಸ್ತೆ ಮಟ್ಟಕ್ಕೆ ಬರಲು 1.5 ಮೀಟರ್ ಗ್ರಾವೆಲ್ ಮಣ್ಣು ತುಂಬಬೇಕು. ಅದರ ಭಾರ 30 ಕಿಲೋಪ್ಯಾಸ್ಕಲ್. ಕಾಂಕ್ರೀಟ್ ನೆಲಕ್ಕೆ 5, ಮೂಟೆಗಳಿಗೆ 25. ಒಟ್ಟು 60, ಅಂದರೆ ಚದರ ಮೀಟರಿಗೆ ಸುಮಾರು 6 ಟನ್. ಇದರಲ್ಲಿ ಅರ್ಧ ತುಂಬುವ ಮಣ್ಣಿನದೇ ಭಾರ ಎಂಬುದನ್ನು ಗಮನಿಸಿ. ಮೂಟೆ ಲೆಕ್ಕ ಹಾಕಿ, ಮಣ್ಣಿನ ಭಾರ ಮರೆತ ಲೆಕ್ಕಗಳನ್ನು ನಾನು ನೋಡಿದ್ದೇನೆ. ಕಟ್ಟಡ ಅಗಲವಾಗಿದೆ, ಜೇಡಿ ಅದರ ಮುಂದೆ ತೆಳು. ಹಾಗಾಗಿ ನಡುಭಾಗದಲ್ಲಿ ಈ 60 ಪೂರ್ತಿಯಾಗಿ ತಳದವರೆಗೂ ಇಳಿಯುತ್ತದೆ. ಆಳಕ್ಕೆ ಹೋದಂತೆ ಭಾರ ಹರಡಿ ಕಡಿಮೆಯಾಗುತ್ತದೆ ಎಂದು ಇಲ್ಲಿ ಕಳೆಯಬಾರದು.

ಕಂಬಗಳ ಚಿಂತೆ ಇರಲಿಲ್ಲ. ಅವು ಪೈಲ್ ಮೇಲೆ, ಬಂಡೆಗೆ ನಿಲ್ಲುತ್ತವೆ. ಪ್ರಶ್ನೆ ನೆಲದ್ದು ಮಾತ್ರ. ಜೇಡಿಯೊಳಗಿನ ನೀರು ಭಾರಕ್ಕೆ ಹಿಂಡಿಕೊಂಡು ಹೊರಗೆ ಹೋದಂತೆ ನೆಲ ಎಷ್ಟು ಕೂರುತ್ತದೆ?

ಮೊದಲ ದಾರಿ: ಲಿಕ್ವಿಡ್ ಲಿಮಿಟ್‌ನಿಂದ

ಇದು ಎಲ್ಲಕ್ಕಿಂತ ಅಗ್ಗ. ಲಿಕ್ವಿಡ್ ಲಿಮಿಟ್, ಅಂದರೆ ನೂರಕ್ಕೆ ಎಷ್ಟು ನೀರು ಸೇರಿದರೆ ಜೇಡಿ ಹರಿಯುವಷ್ಟು ಮೆತ್ತಗಾಗುತ್ತದೆ ಎಂಬ ಅಂಕಿ, 62 ಬಂದಿತ್ತು. ಟೆರ್ಜಾಗಿ ಮತ್ತು ಪೆಕ್ ಕೊಟ್ಟ ಸೂತ್ರದಿಂದ ಜೇಡಿ ಎಷ್ಟು ಒತ್ತಿಕೊಳ್ಳುತ್ತದೆ ಎಂಬ ಅಂಕಿ, ಅಂದರೆ ಸಿ-ಸಿ, ಸಿಗುತ್ತದೆ. ಅದನ್ನು ಎರಡನೇ ಸಾಲಿಗೆ ಹಾಕಿದರೆ ಕೆಲಸ ಮುಗಿಯಿತು.

```
Cc = 0.009 (LL - 10) = 0.468
S  = Cc * H/(1+e0) * log10((s0 + ds)/s0)
```

ಇಲ್ಲಿ `H` 6 ಮೀಟರ್, `e0` ಅಂದರೆ ವಾಯ್ಡ್ ರೇಶಿಯೋ, ಕಣಗಳ ಗಾತ್ರಕ್ಕೆ ಹೋಲಿಸಿದರೆ ನಡುವಿನ ಸಂದು ಎಷ್ಟು ಎಂಬ ಲೆಕ್ಕ, 1.6. `s0` ಅಂದರೆ ಜೇಡಿಯ ನಡುಮಧ್ಯದಲ್ಲಿ ಈಗಾಗಲೇ ಕಣಗಳ ಮೇಲಿರುವ ಒತ್ತಡ, ನೀರಿನ ಒತ್ತಡ ಕಳೆದ ಮೇಲೆ 37. `ds` ಹೊಸ ಭಾರ 60. ಉತ್ತರ ಸುಮಾರು 450 ಮಿಲಿಮೀಟರ್.

ಅರ್ಧ ಗಂಟೆಯ ಕೆಲಸ. ಜಾಗ ಕೊಳ್ಳಬೇಕೋ ಬೇಡವೋ ಎಂದು ಕೇಳುವವರಿಗೆ ಇಷ್ಟು ಸಾಕು. ಆದರೆ ಈ ಜೇಡಿ ಹಿಂದೆ ಎಂದಾದರೂ ಇದಕ್ಕಿಂತ ಜಾಸ್ತಿ ಒತ್ತಡ ಕಂಡಿತ್ತಾ ಎಂಬುದು ಈ ಸೂತ್ರಕ್ಕೆ ಗೊತ್ತಿಲ್ಲ. ಇಡೀ ಜೇಡಿ ಇವತ್ತೇ ಮೊದಲ ಬಾರಿ ಭಾರ ಹೊರುತ್ತಿದೆ ಎಂದುಕೊಂಡೇ ಅದು ಲೆಕ್ಕ ಹಾಕುತ್ತದೆ.

ಎರಡನೇ ದಾರಿ: ಲ್ಯಾಬ್ ಕೊಟ್ಟ ಎಂ-ವಿ

ಕನ್ಸಾಲಿಡೇಷನ್ ಟೆಸ್ಟ್ ವರದಿಯಲ್ಲಿ ಎಂ-ವಿ ಎಂಬ ಕಾಲಂ ಇರುತ್ತದೆ. ಒಂದು ಕಿಲೋಪ್ಯಾಸ್ಕಲ್ ಭಾರ ಹಾಕಿದರೆ ಮಣ್ಣು ತನ್ನ ದಪ್ಪದ ಎಷ್ಟು ಪಾಲು ಕುಗ್ಗುತ್ತದೆ ಎಂಬ ಲೆಕ್ಕ ಅದು. ಸೂತ್ರ ಇನ್ನೂ ಸುಲಭ.

```
S = mv * ds * H
```

ನನಗೆ ಇಲ್ಲಿ ಸಿಕ್ಕ ಪಾಠ ದೊಡ್ಡದು. ವರದಿಯ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿದ್ದ ಎಂ-ವಿ 0.0007. ಅದರಿಂದ ಉತ್ತರ 252 ಮಿಲಿಮೀಟರ್. ಒಳಗಿನ ಪಟ್ಟಿ ತೆಗೆದು ನೋಡಿದರೆ ಅದು 100ರಿಂದ 200 ಕಿಲೋಪ್ಯಾಸ್ಕಲ್ ಹಂತದ್ದು. ನಮ್ಮ ಜೇಡಿ ಹೋಗುವುದು 37ರಿಂದ 97ಕ್ಕೆ. ಹತ್ತಿರದ ಹಂತ 50ರಿಂದ 100. ಅಲ್ಲಿ ಎಂ-ವಿ 0.0011, ಉತ್ತರ 396 ಮಿಲಿಮೀಟರ್. ಅದೇ ಮಣ್ಣು, ಅದೇ ಟೆಸ್ಟ್, ಅದೇ ಸೂತ್ರ. ಸಾಲು ಬದಲಾಯಿತು ಅಷ್ಟೇ. ಜೇಡಿ ಒತ್ತಿಕೊಂಡಂತೆಲ್ಲ ಬಿಗಿಯಾಗುತ್ತದೆ, ಆದ್ದರಿಂದ ಎಂ-ವಿ ಒಂದೇ ಅಂಕಿಯಾಗಿ ಇರುವುದಿಲ್ಲ. ನಿಮ್ಮ ಒತ್ತಡದ ಹಂತ ಯಾವುದು ಎಂದು ಕೇಳದೆ ಬಂದ ಎಂ-ವಿಯನ್ನು ಬಳಸಲೇಬೇಡಿ.

ಮಾಲೀಕರು ಪಕ್ಕದಲ್ಲೇ ಕೂತಿದ್ದರು. "ಏನ್ರೀ ಇಂಜಿನಿಯರ್ರೇ, ಒಂದೇ ನೆಲಕ್ಕೆ ಮೂರು ಲೆಕ್ಕ ಹೇಳ್ತಿದೀರಲ್ಲ" ಎಂದರು. ಅವರು ಕೇಳಿದ್ದು ನ್ಯಾಯವಾಗಿತ್ತು.

ಮೂರನೇ ದಾರಿ: ಪದರ ಮಾಡಿ, ಜೇಡಿಯ ಹಳೆಯ ಒತ್ತಡ ಹಿಡಿದು

ಜೇಡಿಯನ್ನು 2 ಮೀಟರಿನ ಮೂರು ಪದರ ಮಾಡಿ, ಒಂದೊಂದರ ನಡುವಿನಿಂದಲೂ ಮಣ್ಣು ಕದಡದ ಹಾಗೆ ತೆಗೆಯುವ ಒಂದು ಯುಡಿಎಸ್ ಟ್ಯೂಬ್ ತೆಗೆಸಿದೆ. ಮೊದಲ ಸಲ ಬಂದ ಟ್ಯೂಬ್‌ಗಳು ಕೆಟ್ಟಿದ್ದವು. ಅದು ಗೊತ್ತಾದದ್ದು, ಒತ್ತಡ ಏರಿದಂತೆ ವಾಯ್ಡ್ ರೇಶಿಯೋ ಹೇಗೆ ಇಳಿಯುತ್ತದೆ ಎಂದು ತೋರಿಸುವ ಗ್ರಾಫ್‌ನಿಂದ. ಒಳ್ಳೆಯ ಸ್ಯಾಂಪಲ್ ಆದರೆ ಗೆರೆ ಮೊದಲು ಹೆಚ್ಚುಕಡಿಮೆ ಅಡ್ಡ ಹೋಗಿ, ಒಂದು ಕಡೆ ಬಗ್ಗಿ, ಆಮೇಲೆ ಇಳಿಯುತ್ತದೆ. ನಮ್ಮದರಲ್ಲಿ ಬಾಗು ಕಾಣಲೇ ಇಲ್ಲ. ಶುರುವಿನಿಂದಲೇ ಜಾರುಬಂಡೆಯ ಹಾಗೆ ಇಳಿದಿತ್ತು. ಇನ್ನೊಂದು ಪರೀಕ್ಷೆಯೂ ಇದೆ. ನೆಲದಲ್ಲಿದ್ದಾಗಿನ ಒತ್ತಡಕ್ಕೆ ಮಣ್ಣನ್ನು ಮತ್ತೆ ತಂದಾಗ ವಾಯ್ಡ್ ರೇಶಿಯೋ ಎಷ್ಟು ಇಳಿಯಿತು ಎಂದು ನೋಡಬೇಕು. ಕದಡದ ಮಣ್ಣಾದರೆ ತುಂಬ ಇಳಿಯಬಾರದು. ನಡುವಿನ ಪದರದ್ದು 1.6ರಲ್ಲಿ 0.19 ಇಳಿದಿತ್ತು, ಅಂದರೆ ನೂರಕ್ಕೆ 12. ಇಂಥ ಮೆತ್ತನೆಯ ಜೇಡಿಯಲ್ಲಿ ನೂರಕ್ಕೆ 7 ದಾಟಿದರೆ ಸ್ಯಾಂಪಲ್ ಕದಡಿದೆ ಎಂದೇ ಅರ್ಥ.

ಹಾಗಾಗಿ ಎರಡನೇ ಬಾರಿ ತೆಳು ಗೋಡೆಯ ಟ್ಯೂಬ್ ಬಳಸಿ, ಬಡಿಯದೆ ಒತ್ತಿ ಇಳಿಸಿ, ಎರಡೂ ತುದಿಗೆ ಮೇಣ ಹಾಕಿ, ನೆಟ್ಟಗೆ ನಿಲ್ಲಿಸಿಕೊಂಡು ಲ್ಯಾಬಿಗೆ ತಂದೆವು. ಅದೇ ಇಳಿತ ಈಗ 0.07ಕ್ಕೆ ಬಂತು. ಲ್ಯಾಬಿನವರಿಗೆ ಇನ್ನೊಂದು ಮಾತು ಕೇಳಿಕೊಂಡೆ. ಭಾರವನ್ನು 25, 50, 100 ಎಂದು ಪ್ರತಿ ಸಲ ದುಪ್ಪಟ್ಟು ಮಾಡುವುದು ರೂಢಿ. ಬಾಗು 50ಕ್ಕೂ 100ಕ್ಕೂ ನಡುವೆ ಬಿದ್ದರೆ ಅದು ಎಲ್ಲಿದೆ ಎಂದು ಹೇಳಲಾಗುವುದಿಲ್ಲ. ಅದಕ್ಕೆ 40, 60, 80ರಲ್ಲೂ ನಿಲ್ಲಿಸಲು ಹೇಳಿದೆ. ಒಂದೊಂದು ಹಂತಕ್ಕೂ ಒಂದು ದಿನ ಬೇಕು. ಕೆಲವು ದಿನ ಜಾಸ್ತಿ ಆಯಿತು, ಆದರೆ ಕೊನೆಯಲ್ಲಿ ನನ್ನ ಉತ್ತರ ನಿಂತದ್ದು ಆ ದಿನಗಳ ಮೇಲೆ.

ಜೇಡಿ ಹಿಂದೆ ಕಂಡ ಅತಿ ಹೆಚ್ಚಿನ ಒತ್ತಡವೇ ಆ ಬಾಗು. ಕಸಗ್ರಾಂಡೆ ವಿಧಾನದಲ್ಲಿ ಅದನ್ನು ಗುರುತಿಸಿದಾಗ ಮೇಲಿನ ಪದರದ ಹಳೆಯ ಒತ್ತಡ 75, ನಡುವಿನದು 58, ತಳದ್ದು 56 ಬಂತು. ಈಗ ಆ ಪದರಗಳ ಮೇಲಿರುವುದು ಕ್ರಮವಾಗಿ 24, 37 ಮತ್ತು 50. ಮೇಲಿನ ಪದರ ಈಗಿರುವುದರ ಮೂರು ಪಟ್ಟು ಒತ್ತಡವನ್ನು ಹಿಂದೆಯೇ ಕಂಡಿದೆ! ಗದ್ದೆ ಮೇಲೆ ಯಾರೂ ಏನೂ ಕಟ್ಟಿರಲಿಲ್ಲವಲ್ಲ, ಹೇಗೆ? ಮಳೆ ಕೈಕೊಟ್ಟ ವರ್ಷಗಳನ್ನು ನೆನೆಸಿಕೊಳ್ಳಿ. ಕೆರೆ ಬತ್ತಿ, ನೀರು ಕೆಳಗಿಳಿದು, ಗದ್ದೆ ಬಾಯಿಬಿಡುತ್ತದೆ. ಜೇಡಿ ಒಣಗುವಾಗ ಒಳಗಿನ ನೀರು ಕಣಗಳನ್ನು ಹತ್ತಿರಕ್ಕೆ ಎಳೆಯುತ್ತದೆ. ಭಾರ ಹಾಕಿದಷ್ಟೇ ಪರಿಣಾಮ ಅದಕ್ಕಿದೆ. ಮೇಲೆ ಜಾಸ್ತಿ, ಕೆಳಗೆ ಹೋದಂತೆ ಕಡಿಮೆ. ನಮ್ಮ ಅಂಕಿಗಳೂ ಅದನ್ನೇ ಹೇಳುತ್ತಿದ್ದವು.

ಹಳೆಯ ಒತ್ತಡದವರೆಗೆ ಜೇಡಿ ಬಿಗಿಯಾಗಿರುತ್ತದೆ, ಅದನ್ನು ದಾಟಿದ ಮೇಲೆ ಮೆತ್ತಗಾಗುತ್ತದೆ. ಟೆಸ್ಟ್‌ನಲ್ಲಿ ಬಿಗಿ ಭಾಗದ ಅಂಕಿ `Cr` 0.07, ಮೆತ್ತನೆ ಭಾಗದ್ದು, ಅಂದರೆ `Cc`, 0.58. ಎಂಟು ಪಟ್ಟು ವ್ಯತ್ಯಾಸ. ಅದಕ್ಕೇ ಲೆಕ್ಕವನ್ನು ಎರಡು ತುಂಡು ಮಾಡಬೇಕು. ಇಲ್ಲಿ `h` ಒಂದು ಪದರದ ದಪ್ಪ, `sp` ಅದರ ಹಳೆಯ ಒತ್ತಡ.

```
S = h/(1+e0) * [ Cr*log10(sp/s0) + Cc*log10((s0+ds)/sp) ]
```

ಒಂದು ಪದರವನ್ನು ಪೂರ್ತಿ ಮಾಡಿ ತೋರಿಸುತ್ತೇನೆ. ನಡುವಿನದು 37ರಿಂದ 97ಕ್ಕೆ ಹೋಗುತ್ತದೆ, ಬಾಗು 58ರಲ್ಲಿ. 37ರಿಂದ 58ರವರೆಗೆ 0.07 ಹಿಡಿದರೆ ಕೂರುವುದು 10 ಮಿಲಿಮೀಟರ್ ಮಾತ್ರ. 58ರಿಂದ 97ಕ್ಕೆ 0.58 ಹಿಡಿದರೆ 100 ಮಿಲಿಮೀಟರ್. ಒಟ್ಟು 110. ಇದೇ ರೀತಿ ಮೇಲಿನ ಪದರಕ್ಕೆ 49, ತಳದ ಪದರಕ್ಕೆ 133 ಬಂತು. ಒಟ್ಟು ಸುಮಾರು 292 ಮಿಲಿಮೀಟರ್.

ಹಳೆಯ ಒತ್ತಡ ಮರೆತು ಅದೇ 0.58ರಿಂದ ಮಾಡಿದರೆ? ಒಂದೇ ಪದರವಾಗಿ 560, ಮೂರು ಪದರವಾಗಿ 582. ನನಗೆ ಆಶ್ಚರ್ಯ ಆದದ್ದು ಇಲ್ಲಿ. ಪದರ ಜಾಸ್ತಿ ಮಾಡಿದರೆ ಲೆಕ್ಕ ಸರಿಯಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಪದರ ಮಾಡಿದ್ದರಿಂದ ಬದಲಾದದ್ದು 22 ಮಿಲಿಮೀಟರ್. ಬಾಗು ಹಿಡಿದದ್ದರಿಂದ ಬದಲಾದದ್ದು 290. ಪದರದ ನಿಜವಾದ ಉಪಯೋಗ ಅಂದರೆ ಒಂದೊಂದು ಆಳಕ್ಕೂ ಅದರದೇ ಹಳೆಯ ಒತ್ತಡ ಕೊಡಲು ಆಗುತ್ತದೆ.

ನೆಲ ಏನು ಹೇಳಿತು

ಕಟ್ಟುವ ಮೊದಲೇ ಪೂರ್ತಿ 60ರ ಭಾರ ಬೀಳಲಿ ಎಂದು 3 ಮೀಟರ್ ಮಣ್ಣು ಹೇರಿದೆವು. ಅಡಿಯಲ್ಲಿ ಸೆಟ್ಲ್‌ಮೆಂಟ್ ಪ್ಲೇಟ್ ಇಟ್ಟು, ವಾರಕ್ಕೊಮ್ಮೆ ಲೆವೆಲ್ ನೋಡಿದೆವು. ಕೊಳೆತ ಬಂಡೆ ನೀರು ಬಿಡುತ್ತದೆ, ಹಾಗಾಗಿ ನೀರು ಮೇಲಕ್ಕೂ ಕೆಳಕ್ಕೂ ಹೋಗಬಹುದು. ದೂರದ ದಾರಿ 3 ಮೀಟರ್. ನೀರು ಹೊರಗೆ ಹೋಗಿ ಜೇಡಿ ಎಷ್ಟು ಬೇಗ ಕೂರುತ್ತದೆ ಎಂದು ಹೇಳುವ ಅಂಕಿ ಸಿ-ವಿ, ಟೆಸ್ಟ್‌ನಿಂದ ಸಿಕ್ಕದ್ದು ವರ್ಷಕ್ಕೆ 3 ಚದರ ಮೀಟರ್. ಆ ಲೆಕ್ಕಕ್ಕೆ ಒಂದು ವರ್ಷದಲ್ಲಿ ನೂರಕ್ಕೆ 64ರಷ್ಟು ಕೂರಬೇಕು.

ವರ್ಷ ತುಂಬಿದಾಗ ನಡುವಿನ ಪ್ಲೇಟ್ 201 ಮಿಲಿಮೀಟರ್ ಕೂತಿತ್ತು. ಮೂರನೇ ದಾರಿಯ ಲೆಕ್ಕಕ್ಕೆ 187 ಆಗಬೇಕಿತ್ತು. ಮೊದಲ ದಾರಿಗೆ 288, ಎಂ-ವಿಯ ಸರಿ ಸಾಲಿಗೆ 253, ತಪ್ಪು ಸಾಲಿಗೆ 161. ಆದರೆ ಇಲ್ಲಿ ಸಿ-ವಿ ತಪ್ಪಿದ್ದರೂ ಅಂಕಿ ಹೊಂದಿಕೆಯಾಗಿಬಿಡಬಹುದು. ಅದಕ್ಕೇ ಅಸಾವೋಕಾ ವಿಧಾನದಲ್ಲಿ, ಸಮ ಅಂತರದ ದಿನಗಳ ಓದುಗಳನ್ನು ಒಂದರ ಮುಂದೆ ಒಂದು ಇಟ್ಟು ಗೆರೆ ಎಳೆದು ನೋಡಿದೆ. ಅದಕ್ಕೆ ಸಿ-ವಿಯ ಹಂಗಿಲ್ಲ. ಕೊನೆಯ ಕುಸಿತ 315 ಎಂದು ಬಂತು. 292ರ ಪಕ್ಕದಲ್ಲಿ ಅದು ಒಪ್ಪುವ ಅಂಕಿ. ಕೂತ ಜಾಗ ತುಂಬಲು ಮತ್ತೆ ಹಾಕಿದ ಮಣ್ಣಿನ ಭಾರವನ್ನು ನಾನು ಲೆಕ್ಕಕ್ಕೆ ತಂದಿರಲಿಲ್ಲ. 300 ಮಿಲಿಮೀಟರ್ ಮಣ್ಣು ಅಂದರೆ ಇನ್ನೂ 6 ಕಿಲೋಪ್ಯಾಸ್ಕಲ್. ಆ ವ್ಯತ್ಯಾಸದಲ್ಲಿ ಅದರ ಪಾಲೂ ಇದೆ.

ಇನ್ನೊಂದು ವಿಷಯದಲ್ಲೂ ಮೂರನೇ ದಾರಿಯೇ ಕೈ ಹಿಡಿಯಿತು. ಗೋಡೌನಿನ ಅಂಚಿನಲ್ಲಿ ಭಾರ ಅರ್ಧ, 30 ಮಾತ್ರ. ಭಾರ ಅರ್ಧ ಆದರೆ ಕುಸಿತವೂ ಅರ್ಧ, ಅಂದರೆ 146 ಎನ್ನುವುದು ಎಂ-ವಿ ಯೋಚನೆ. ಪದರದ ಲೆಕ್ಕದಲ್ಲಿ 129 ಬಂತು, ಯಾಕೆಂದರೆ ಅಂಚಿನಲ್ಲಿ ಮೇಲಿನ ಪದರ 54ಕ್ಕೇ ನಿಲ್ಲುತ್ತದೆ, ತನ್ನ ಬಾಗನ್ನು ದಾಟುವುದೇ ಇಲ್ಲ. ನಡುವಿಗೂ ಅಂಚಿಗೂ 160 ಮಿಲಿಮೀಟರಿಗಿಂತ ಜಾಸ್ತಿ ವ್ಯತ್ಯಾಸ. ಕಂಬಗಳಂತೂ ಅಲುಗುವುದೇ ಇಲ್ಲ. ಅದನ್ನು ತೋರಿಸಿದ ಮೇಲೆ ಮಾಲೀಕರು ನೆಲವನ್ನು ಕಂಬಕ್ಕೆ ಕಟ್ಟದೆ ಸುತ್ತ ಜಾಯಿಂಟ್ ಬಿಡಲು ಒಪ್ಪಿದರು. ಹೇರಿದ ಮಣ್ಣಿನ ಅಂಚನ್ನೂ ಗೋಡೆಯ ಸಾಲಿನಿಂದ 5 ಮೀಟರ್ ಆಚೆಗೆ ಚಾಚಿದೆವು. ಮಣ್ಣು ಇನ್ನೂ ಮೇಲೇ ಇದೆ. ವಾರದ ಓದು 300 ದಾಟಿದ ಮೇಲೆ ಕಾಂಕ್ರೀಟ್ ಹಾಕುತ್ತೇವೆ.