ಶಿಫಾರಸು ಪತ್ರವನ್ನು ಕನ್ನಡಕ್ಕೆ ತರುವವರೇ, ‘ರಿಸರ್ವೇಶನ್’ ಪದ ಬಂದರೆ ಹುಷಾರು

ನನ್ನ ತಂಗಿ ಒಂದು ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ್ದಳು. ಆಯ್ಕೆ ಸಮಿತಿ ಎಲ್ಲ ದಾಖಲೆಗಳನ್ನೂ ಕನ್ನಡದಲ್ಲಿ ಕೇಳಿತ್ತು. ಅವಳ ಪ್ರಾಧ್ಯಾಪಕರು ಕೊಟ್ಟ ಶಿಫಾರಸು ಪತ್ರ ಮಾತ್ರ ಇಂಗ್ಲಿಷ್‌ನಲ್ಲಿತ್ತು. ಒಂದೇ ಪುಟ ಅಲ್ವಾ ಅಂತ ನಾನೇ ಅನುವಾದಕ್ಕೆ ಕೂತೆ. ರಾತ್ರಿ ಮುಗಿಸಿದೆ. ಬೆಳಿಗ್ಗೆ ಇನ್ನೊಮ್ಮೆ ಓದದೆ ಕೊಟ್ಟುಬಿಟ್ಟೆ.

ಸಂದರ್ಶನದಲ್ಲಿ ಸಮಿತಿಯವರೊಬ್ಬರು ಪತ್ರದ ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದರಂತೆ: ‘ಇವರನ್ನು ನಾನು ಯಾವುದೇ ಮೀಸಲಾತಿ ಇಲ್ಲದೆ ಶಿಫಾರಸು ಮಾಡುತ್ತೇನೆ.’ ಆಮೇಲೆ ಕೇಳಿದರು, ‘ಅರ್ಜಿಯಲ್ಲಿ ನೀವು ಮೀಸಲಾತಿ ಕೋರಿದ್ದೀರಿ. ನಿಮ್ಮ ಮೇಷ್ಟ್ರು ಬೇಡ ಅಂತಿದ್ದಾರಲ್ಲ, ಯಾವುದು ಸರಿ?’

ತಂಗಿಗೆ ಏನು ಹೇಳಬೇಕೋ ತೋಚಲಿಲ್ಲ. ಮೇಷ್ಟ್ರು ಬರೆದಿದ್ದು ‘ವಿದೌಟ್ ರಿಸರ್ವೇಶನ್’ ಅಂತ. ಇಂಗ್ಲಿಷ್ ಶಿಫಾರಸು ಪತ್ರಗಳಲ್ಲಿ ಇದು ತುಂಬಾ ತೂಕದ ಮಾತು. ಈ ಹುಡುಗಿಯ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ, ಒಳಗೊಳಗೆ ಏನನ್ನೂ ಮುಚ್ಚಿಟ್ಟುಕೊಂಡು ಹೇಳುತ್ತಿಲ್ಲ ಅನ್ನುವುದು ಅದರ ಅರ್ಥ. ಕನ್ನಡದಲ್ಲಿ ‘ಯಾವ ಹಿಂಜರಿಕೆಯೂ ಇಲ್ಲದೆ’ ಅಂದಿದ್ದರೆ ಸಾಕಿತ್ತು. ‘ತುಂಬು ವಿಶ್ವಾಸದಿಂದ’ ಅಂದರೂ ನಡೆಯುತ್ತಿತ್ತು. ರಿಸರ್ವೇಶನ್ ಅಂದರೆ ಮೀಸಲಾತಿ ಅಂತ ಕೈ ತಾನಾಗಿ ಬರೆದುಬಿಟ್ಟಿತು. ವಿದ್ಯಾರ್ಥಿವೇತನದ ಕಡತದಲ್ಲಿ ಆ ಪದಕ್ಕೆ ಇನ್ನೊಂದು ಅರ್ಥ ಯಾರಿಗೂ ಹೊಳೆಯುವುದಿಲ್ಲ. ಪತ್ರದ ಅತಿ ಗಟ್ಟಿ ಸಾಲೇ ಅವಳಿಗೆ ತಿರುಗಿಬಿತ್ತು.

ಇನ್ನೊಂದು ತಪ್ಪು ಇದಕ್ಕಿಂತ ಸೂಕ್ಷ್ಮ. ಬಹಳ ಜನ ಇದರಲ್ಲಿ ಬೀಳುತ್ತಾರೆ ಅಂತ ನನಗೆ ಈಗ ಅನಿಸುತ್ತದೆ. ಮೂಲ ಪತ್ರದಲ್ಲಿ ಒಂದು ಕಡೆ ಮೇಷ್ಟ್ರ ಸಹೋದ್ಯೋಗಿಯ ಮಾತು ಬರುತ್ತದೆ. ಯೋಜನೆ ಅವರದು, ಆದರೆ ಪ್ರಯೋಗ ಮಾಡಿ ಫಲಿತಾಂಶ ಮಂಡಿಸಿದ್ದು ತಂಗಿ. ಇಂಗ್ಲಿಷ್‌ನಲ್ಲಿ ಒಬ್ಬರಿಗೆ ‘ಹಿ’, ಇನ್ನೊಬ್ಬರಿಗೆ ‘ಶಿ’. ಗೊಂದಲವೇ ಇಲ್ಲ. ನಾನು ಗೌರವ ಇರಲಿ ಅಂತ ಇಬ್ಬರಿಗೂ ‘ಅವರು’ ಹಾಕಿದೆ. ‘ಅವರು ಯೋಜನೆ ರೂಪಿಸಿದರು. ಅವರು ಪ್ರಯೋಗಗಳನ್ನು ನಡೆಸಿ ಫಲಿತಾಂಶ ಮಂಡಿಸಿದರು.’ ಓದಿದವರಿಗೆ ಎಲ್ಲ ಕೆಲಸವೂ ಸಹೋದ್ಯೋಗಿಯದೇ ಅನಿಸಿತು. ತಂಗಿ ಎರಡು ವರ್ಷ ಪಟ್ಟ ಕಷ್ಟ ಒಂದು ಸರ್ವನಾಮದಲ್ಲಿ ಮಾಯವಾಯಿತು. ಇದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಹಾಗಂತ ‘ಅವಳು’ ಅಂತ ಬರೆಯುವುದೂ ಸರಿಯಲ್ಲ. ಮನೆಯಲ್ಲಿ ಸರಿ, ಸಮಿತಿಯ ಮುಂದೆ ಅದು ಹಗುರವಾಗಿ ಕೇಳಿಸುತ್ತದೆ. ಇಲ್ಲಿ ‘ಈಕೆ’ ಕೆಲಸಕ್ಕೆ ಬರುತ್ತದೆ. ಹಿರಿಯರೊಬ್ಬರು ತಮ್ಮ ವಿದ್ಯಾರ್ಥಿನಿಯ ಬಗ್ಗೆ ಮರ್ಯಾದೆಯಿಂದಲೂ ಅಕ್ಕರೆಯಿಂದಲೂ ಆಡುವ ಮಾತಿನ ಹದ ಅದರಲ್ಲಿದೆ. ‘ಯೋಜನೆ ರೂಪಿಸಿದವರು ನನ್ನ ಸಹೋದ್ಯೋಗಿ. ಪ್ರಯೋಗಗಳನ್ನು ನಡೆಸಿ ಫಲಿತಾಂಶ ಮಂಡಿಸಿದ್ದು ಈಕೆ.’ ಈಗ ಯಾರ ಪಾಲು ಯಾವುದು ಅಂತ ತಾನೇ ಗೊತ್ತಾಗುತ್ತದೆ. ವಿದ್ಯಾರ್ಥಿ ಹುಡುಗನಾದರೆ ‘ಈತ’. ‘ಇವರು’ ಅಂತಲೇ ಬರೆಯುವುದಾದರೆ, ಪತ್ರದಲ್ಲಿ ಇನ್ನೊಬ್ಬರು ಬಂದ ಕಡೆಯಲ್ಲೆಲ್ಲ ಹೆಸರನ್ನೇ ಮತ್ತೆ ಹಾಕಿ. ಯಾವುದನ್ನು ಆರಿಸಿಕೊಂಡರೂ ಕೊನೆಯವರೆಗೆ ಅದೇ ಇರಲಿ. ಮೊದಲು ‘ಮಾಡಿದ್ದಾಳೆ’, ಆಮೇಲೆ ‘ಮಾಡಿದ್ದಾರೆ’ ಅಂತ ಬಂದರೆ ಇಬ್ಬರ ಬಗ್ಗೆ ಬರೆದಂತೆ ಕಾಣುತ್ತದೆ.

ನನ್ನ ಅನುವಾದದಲ್ಲಿ ‘ಸದರಿ ವಿದ್ಯಾರ್ಥಿನಿಯು’ ಅಂತಲೂ ಇತ್ತು. ಔಪಚಾರಿಕ ಅಂದರೆ ಕಚೇರಿ ಭಾಷೆ ಅಂದುಕೊಂಡಿದ್ದೆ. ಅದು ಆದೇಶದ ಪ್ರತಿಯ ಹಾಗೆ ಆಗಿಬಿಟ್ಟಿತು, ಮೇಷ್ಟ್ರ ದನಿಯೇ ಉಳಿಯಲಿಲ್ಲ. ಸಮಿತಿಗೆ ‘ತಾವು, ತಮ್ಮ’ ಅನ್ನಿ, ‘ಮಾನ್ಯರೇ’ ಅಂತ ಶುರು ಮಾಡಿ. ಒಳಗಿನ ಮಾತು ತಿಳಿಯಾಗಿರಲಿ.

ಮೇಷ್ಟ್ರ ಹೆಸರಿನ ಕೆಳಗೆ ನೀವು ಸಹಿ ಹಾಕಲೇಬೇಡಿ. ಮೇಲ್ಗಡೆ ‘ಮೂಲ ಇಂಗ್ಲಿಷ್ ಪತ್ರದ ಕನ್ನಡ ಅನುವಾದ’ ಅಂತ ಬರೆಯಿರಿ. ಕೊನೆಯಲ್ಲಿ ಅನುವಾದಕರ ಹೆಸರು, ಸಹಿ, ತಾರೀಕು ಇರಲಿ. ಮೂಲದ ಪ್ರತಿಯನ್ನೂ ಲಗತ್ತಿಸಿ. ನಾನು ಬರೀ ಕನ್ನಡದ ಹಾಳೆ ಕೊಟ್ಟಿದ್ದೆ. ಮೂಲ ಜೊತೆಗಿದ್ದಿದ್ದರೆ ಆ ಪ್ರಶ್ನೆ ಅಲ್ಲೇ ಬಗೆಹರಿಯುತ್ತಿತ್ತು.

ಆ ಸಲ ತಂಗಿಗೆ ವಿದ್ಯಾರ್ಥಿವೇತನ ಸಿಗಲಿಲ್ಲ. ಪತ್ರವೊಂದೇ ಕಾರಣ ಅಂತ ಹೇಳಲಾರೆ. ಆದರೆ ಅವಳ ಓದಿನ ಬಗ್ಗೆ ಮಾತಾಡಬೇಕಿದ್ದ ಹೊತ್ತೆಲ್ಲ ಆ ಒಂದು ಪದಕ್ಕೆ ಹೋಯಿತು.

ಮುಂದಿನ ಅರ್ಜಿಗೆ ಪತ್ರವನ್ನು ಹೊಸದಾಗಿ ಅನುವಾದ ಮಾಡಿದೆ. ಮೇಷ್ಟ್ರಿಗೆ ಕನ್ನಡ ಓದಲು ಬರುವುದಿಲ್ಲ. ಹಾಗಾಗಿ ಮೂಲವನ್ನು ನೋಡಿರದ ಗೆಳತಿಯೊಬ್ಬಳಿಗೆ ನನ್ನ ಕನ್ನಡ ಪತ್ರ ಕೊಟ್ಟು, ಸಾಲು ಸಾಲಾಗಿ ಇಂಗ್ಲಿಷ್‌ನಲ್ಲಿ ಹೇಳಿಸಿದೆ. ಮೇಷ್ಟ್ರು ಫೋನಿನಲ್ಲಿ ಕೇಳುತ್ತಿದ್ದರು. ಎರಡು ಕಡೆ ತಡೆದು, ‘ನಾನು ಅಷ್ಟು ಹೇಳಿಲ್ಲ’ ಅಂದರು. ಅವೆರಡನ್ನೂ ತಿದ್ದಿದ ಮೇಲೆಯೇ ಸಹಿ ಹಾಕಿದೆ.